ಪೈಪಿನಲ್ಲಿ ನಿಂತ ನೀರು ಯಾವಾಗ ಹೆಪ್ಪುಗಟ್ಟುತ್ತದೆ?

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದು 1884ರ ಜನವರಿಯ ಮಾತು. ಹಾಗಾಗಿ ನಮ್ಮ ಕಡೆಯಿಂದ ಟೆಕ್ಸಾಸಿಗೆ ಬಂದು ನೆಲೆಸಿದವರಿಗೆ, ನಲ್ಲಿ ತಿರುಗಿಸಿದರೆ ನೀರು ಬಾರದಿದ್ದಾಗ ಮೊದಲು ನೆನಪಾಗುವುದು ಟ್ಯಾಂಕು ಖಾಲಿಯಾಯಿತೇ, ಮೋಟಾರು ಕೆಟ್ಟಿತೇ ಎಂಬುದು. ಪೈಪಿನೊಳಗೇ ನೀರು ಕಲ್ಲಾಗಿ ಕೂತಿದೆ ಎಂದು ಹೊಳೆಯುವುದಿಲ್ಲ. 2021ರ ಫೆಬ್ರವರಿಯಲ್ಲಿ ಡಲ್ಲಾಸಿನ ಉಷ್ಣಾಂಶ ಮೈನಸ್ 19ಕ್ಕೆ ಇಳಿದ ವಾರ ನಿಮ್ಮಲ್ಲಿ ಅನೇಕರು ಇಲ್ಲೇ ಇದ್ದಿರಿ. ಕರೆಂಟಿಲ್ಲ, ಮನೆಯೊಳಗೆ ಕಂಬಳಿ ಹೊದ್ದು ಕೂತಿದ್ದೇವೆ, ಅಟ್ಟದ ಮೇಲಿಂದ ಚಟ್ ಎಂದು ಸದ್ದು. ಅವತ್ತಿನಿಂದ ನನ್ನನ್ನು ಫೋನಿನಲ್ಲಿ ಹೆಚ್ಚು ಜನ ಕೇಳಿದ ಪ್ರಶ್ನೆ ಒಂದೇ: «ಇವತ್ತು ರಾತ್ರಿ ಇಷ್ಟು ಚಳಿ ಅಂತಾರೆ, ಪೈಪು ಎಷ್ಟು ಹೊತ್ತು ತಡೆಯುತ್ತೆ?»

ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹೇಳಬಹುದು. ಅಷ್ಟೇನೂ ಕಷ್ಟದ ಲೆಕ್ಕವಲ್ಲ. ಆದರೆ ಉತ್ತರ ಒಂದಲ್ಲ, ಮೂರು. ನೀರು ಸೊನ್ನೆ ಡಿಗ್ರಿಗೆ ಬರುವುದು ಒಂದು ಗಳಿಗೆ, ಮೊದಲ ಐಸು ಹುಟ್ಟುವುದು ಇನ್ನೊಂದು ಗಳಿಗೆ, ಪೈಪು ಪೂರ್ತಿ ಗಟ್ಟಿಯಾಗಿ ಮುಚ್ಚಿಹೋಗುವುದು ಮತ್ತೊಂದು. ಇವುಗಳ ನಡುವಿನ ಅಂತರ ಗೊತ್ತಿದ್ದರೆ ರಾತ್ರಿ ಯಾವಾಗ ಎದ್ದು ಏನು ಮಾಡಬೇಕೆಂಬುದೂ ಗೊತ್ತಾಗುತ್ತದೆ.

ಒಂದು ಪೈಪು ಹಿಡಿದು ನೋಡೋಣ. ಇಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿರುವ ಮುಕ್ಕಾಲು ಇಂಚಿನ ತಾಮ್ರದ ಪೈಪು. ಹೊರಮೈ ವ್ಯಾಸ 22 ಮಿಲಿಮೀಟರ್, ಒಳಗೆ ಸುಮಾರು 20. ಒಂದು ಮೀಟರ್ ಉದ್ದಕ್ಕೆ 312 ಗ್ರಾಂ ನೀರು ಹಿಡಿಯುತ್ತದೆ, ಅಂದರೆ ದೊಡ್ಡದೊಂದು ಲೋಟದಷ್ಟು. ತಾಮ್ರದ ತೂಕ ಅದರ ಎರಡರಷ್ಟಕ್ಕಿಂತ ಹೆಚ್ಚು, 680 ಗ್ರಾಂ. ಆದರೂ ಶಾಖ ಹಿಡಿದಿಟ್ಟುಕೊಳ್ಳುವುದರಲ್ಲಿ ತಾಮ್ರ ಬಡವ. ಈ ಒಂದು ಮೀಟರನ್ನು ಒಂದು ಡಿಗ್ರಿ ತಣ್ಣಗಾಗಿಸಲು ನೀರಿನಿಂದ 1,310 ಜೂಲ್ ತೆಗೆಯಬೇಕು, ತಾಮ್ರದಿಂದ ಬರೀ 260. ಎರಡೂ ಸೇರಿ 1,570 ಎಂದಿಟ್ಟುಕೊಳ್ಳಿ.

ಇನ್ನು ಶಾಖ ಹೊರಗೆ ಹೋಗುವ ವೇಗ. ಗಾಳಿಯಾಡದ ರಾತ್ರಿಯಲ್ಲಿ ಬರಿ ಪೈಪಿನ ಒಂದು ಮೀಟರ್ ಉದ್ದದಿಂದ, ಪೈಪಿಗೂ ಗಾಳಿಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 0.7 ವ್ಯಾಟ್ ಹೊರಟುಹೋಗುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಪೈಪಿನ ಸುತ್ತ ನಿಧಾನ ಹರಿಯುವ ಗಾಳಿಯದು, ಉಳಿದದ್ದು ವಿಕಿರಣ. ಒಳಗಿನ ನೀರಿನ ಬಗ್ಗೆ ನಾವು ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಪೈಪು ಸಣ್ಣದು, ಅಡ್ಡಿಯೆಲ್ಲ ಹೊರಗಿನ ಗಾಳಿಯ ಪದರದಲ್ಲೇ ಇದೆ, ಆದ್ದರಿಂದ ಪೈಪಿನ ನಡುವಿನ ನೀರೂ ಅಂಚಿನ ನೀರೂ ಹೆಚ್ಚುಕಡಿಮೆ ಒಟ್ಟಿಗೇ ತಣಿಯುತ್ತವೆ. ದೊಡ್ಡ ಡ್ರಮ್ಮಿಗೆ ಈ ಮಾತು ನಡೆಯುವುದಿಲ್ಲ.

ಸೂತ್ರ ಇಷ್ಟೇ:

t = τ · ln((T0 − Ta) / (T − Ta))

ಇದರಲ್ಲಿ ln ಅಂದರೆ ಸಹಜ ಲಾಗರಿದಮ್, T0 ನೀರಿನ ಮೊದಲ ಉಷ್ಣಾಂಶ, Ta ಹೊರಗಿನ ಗಾಳಿಯದು, T ನೀರು ತಲುಪಬೇಕಾದದ್ದು. τ ಎಂಬುದು ಪೈಪಿನ ಸ್ವಭಾವ: 1,570ನ್ನು 0.7ರಿಂದ ಭಾಗಿಸಿದರೆ ಸಿಗುವ ಸೆಕೆಂಡುಗಳು, ಅಂದರೆ ಸುಮಾರು 37 ನಿಮಿಷ. ನೆಲದಡಿಯಿಂದ ಬರುವ ನೀರು 10 ಡಿಗ್ರಿ, ಹೊರಗೆ ಮೈನಸ್ 7 ಎಂದು ಹಿಡಿಯಿರಿ. ಸೊನ್ನೆಗೆ ಬರಲು ಬೇಕಾದದ್ದು 33 ನಿಮಿಷ.

ಅರ್ಧ ಗಂಟೆ! ಇದನ್ನು ಕೇಳಿದವರು ಗಾಬರಿಯಾಗುತ್ತಾರೆ. ಹಾಗಿದ್ದರೆ ಮೈನಸ್ 2, ಮೈನಸ್ 3ರ ಪ್ರತಿ ರಾತ್ರಿಯೂ ಡಲ್ಲಾಸಿನ ಪೈಪುಗಳೆಲ್ಲ ಒಡೆಯಬೇಕಿತ್ತಲ್ಲ? ಒಡೆಯುವುದಿಲ್ಲ. ಯಾಕೆ ಎಂಬುದರಲ್ಲೇ ಈ ವಿಷಯದ ಸ್ವಾರಸ್ಯವೆಲ್ಲ ಇದೆ.

ನಮ್ಮ ಭಾಷೆ ಇಲ್ಲಿ ಒಂದು ಉಪಕಾರ ಮಾಡಿದೆ. ನೀರು ಐಸಾಗುವುದಕ್ಕೆ ನಾವು «ಹೆಪ್ಪುಗಟ್ಟುವುದು» ಅನ್ನುತ್ತೇವೆ. ಹಾಲು ಮೊಸರಾಗುವುದಕ್ಕೆ ಬೇಕಾದದ್ದೂ ಹೆಪ್ಪೇ. ಹಾಲನ್ನು ಹದವಾದ ಬಿಸಿಗೆ ತಂದು ಮುಚ್ಚಿಟ್ಟರಷ್ಟೇ ಸಾಲದು, ಒಂದು ಚಮಚ ಹೆಪ್ಪು ಬೀಳಬೇಕು. ನೀರಿಗೂ ಹಾಗೆಯೇ. ಸೊನ್ನೆ ಡಿಗ್ರಿ ಎಂದರೆ ಹದ ಬಂದಿದೆ ಎಂದರ್ಥ, ಹೆಪ್ಪು ಬಿದ್ದಿದೆ ಎಂದಲ್ಲ. ಮೊದಲ ಪುಟ್ಟ ಐಸ್ ಹರಳು ಎಲ್ಲಿಯಾದರೂ ಹುಟ್ಟಬೇಕು. ಪೈಪಿನ ಒಳಗೋಡೆಯ ಒಂದು ಗೀರು, ಒಂದು ಕಣ ಧೂಳು, ಬೆಸುಗೆಯ ಒರಟು ಅಂಚು. ಅದು ಹುಟ್ಟುವ ತನಕ ನೀರು ಸೊನ್ನೆಗಿಂತ ಕೆಳಗಿಳಿದರೂ ನೀರಾಗಿಯೇ ಇರುತ್ತದೆ. ಮನೆಯ ಪೈಪುಗಳಲ್ಲಿ ನಿಂತ ನೀರು ಮೈನಸ್ 4, ಮೈನಸ್ 5ರವರೆಗೂ ಹೀಗೆ ಇಳಿಯುವುದು ಸಾಮಾನ್ಯ.

ಈಗ ಅದೇ ಸೂತ್ರದಲ್ಲಿ T ಜಾಗಕ್ಕೆ ಸೊನ್ನೆಯ ಬದಲು ಮೈನಸ್ 4 ಹಾಕಿ. 33 ನಿಮಿಷ ಹೋಗಿ 65 ನಿಮಿಷ ಆಯಿತು. ಮೈನಸ್ 5 ಹಾಕಿದರೆ 80. ನೀರು ಗಾಳಿಯ ಉಷ್ಣಾಂಶಕ್ಕೆ ಹತ್ತಿರವಾದಷ್ಟೂ ಇಳಿಕೆ ನಿಧಾನವಾಗುತ್ತದೆ, ಕೊನೆಯ ಒಂದು ಡಿಗ್ರಿಗೇ ಕಾಲು ಗಂಟೆ. ಹೊರಗೆ ಮೈನಸ್ 3 ಮಾತ್ರ ಇದ್ದರೆ? ನೀರು ಎಂದಿಗೂ ಮೈನಸ್ 4ಕ್ಕೆ ಬರುವುದೇ ಇಲ್ಲ. ರಾತ್ರಿಯಿಡೀ ಸೊನ್ನೆಗಿಂತ ಕೆಳಗೆ, ಹೆಪ್ಪು ಬೀಳದ ಹಾಲಿನಂತೆ ನಿಂತಿದ್ದು ಬೆಳಿಗ್ಗೆ ಬಿಸಿಲಿಗೆ ಮತ್ತೆ ಮೇಲೆ ಬರುತ್ತದೆ. ಮನೆಯವರಿಗೆ ಏನೂ ಗೊತ್ತಾಗಿರುವುದಿಲ್ಲ.

ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧನಾ ವಿಭಾಗದವರು ಮನೆಗಳ ಅಟ್ಟದಲ್ಲಿನ ಪೈಪುಗಳನ್ನು ಹೀಗೆ ಪರೀಕ್ಷೆ ಮಾಡಿ 1996ರಲ್ಲಿ ಒಂದು ವರದಿ ಕೊಟ್ಟರು. ಹೊದಿಕೆಯಿಲ್ಲದ ಪೈಪುಗಳಿಗೆ ಎಚ್ಚರದ ಗೆರೆ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 7 ಸೆಲ್ಸಿಯಸ್ ಎಂದರು. ದಕ್ಷಿಣದ ರಾಜ್ಯಗಳಲ್ಲಿ ಚಳಿಗಾಲದ ಎಚ್ಚರಿಕೆಗಳಲ್ಲಿ ಈ ಸಂಖ್ಯೆ ಕೇಳುತ್ತಿರುತ್ತೀರಿ. ಸೊನ್ನೆ ಬಿಟ್ಟು ಮೈನಸ್ 7 ಯಾಕೆ ಎಂದು ನನಗೆ ಮೊದಲು ಅರ್ಥವಾಗಿರಲಿಲ್ಲ. ನೀರು ಮೈನಸ್ 4, 5ಕ್ಕೆ ಇಳಿಯಬೇಕು, ಅಲ್ಲಿಗೆ ಇಳಿಸಲು ಗಾಳಿ ಅದಕ್ಕಿಂತ ಇನ್ನೂ ತಣ್ಣಗಿರಬೇಕು. ಆ ಸಂಖ್ಯೆಯ ಹಿಂದಿರುವುದು ಹೆಪ್ಪಿನ ಲೆಕ್ಕ. ಆದರೆ ಇದನ್ನು ರಕ್ಷಣೆಯ ಗೋಡೆ ಎಂದು ನಂಬಬೇಡಿ. ಎಲ್ಲೋ ಒಂದು ಹರಳು ಮೊದಲೇ ಇದ್ದರೆ, ಉದಾಹರಣೆಗೆ ನಿನ್ನೆ ರಾತ್ರಿಯ ಐಸು ಪೂರ್ತಿ ಕರಗದೆ ಉಳಿದಿದ್ದರೆ, ಇವತ್ತು ನೀರು ಸೊನ್ನೆಯಲ್ಲೇ ಹೆಪ್ಪುಗಟ್ಟಲು ಶುರುಮಾಡುತ್ತದೆ. ಎರಡನೆಯ ರಾತ್ರಿ ಮೊದಲನೆಯದಕ್ಕಿಂತ ಕೆಟ್ಟದಾಗುವುದು ಹೀಗೆ.

ಇದನ್ನು ಕಣ್ಣಾರೆ ನೋಡಬೇಕೆಂದು ನಾನು ಒಂದು ಜನವರಿ ರಾತ್ರಿ ಹಿತ್ತಿಲಿನಲ್ಲಿ ಕೂತೆ. ಮೋಡ ಮುಚ್ಚಿತ್ತು, ಗಾಳಿ ಇರಲಿಲ್ಲ, ಉಷ್ಣಾಂಶ ಮೈನಸ್ 6ಕ್ಕೂ 8ಕ್ಕೂ ನಡುವೆ ಆಡುತ್ತಿತ್ತು. ಒಂದು ಮೀಟರ್ ತಾಮ್ರದ ಪೈಪಿನ ಒಂದು ತುದಿ ಮುಚ್ಚಿ, ಇನ್ನೊಂದು ತುದಿಗೆ ಮೇಲ್ಮುಖವಾಗಿ ಎಲ್ಬೋ ಹಾಕಿ, ಅದರ ಬಾಯಿ ತೆರೆದೇ ಬಿಟ್ಟೆ. ಹಿಗ್ಗಿದ ನೀರಿಗೆ ಹೋಗಲು ದಾರಿ ಬೇಕಲ್ಲ. ಪೈಪಿನ ನಡುಮಧ್ಯಕ್ಕೆ ಬರುವಂತೆ ಉಷ್ಣಾಂಶ ಅಳೆಯುವ ಒಂದು ಥರ್ಮೋಕಪಲ್ ತಂತಿ ಇಳಿಬಿಟ್ಟೆ. ನಲ್ಲಿಯಿಂದ 10 ಡಿಗ್ರಿ ನೀರು ತುಂಬಿ, ಎರಡು ಕುರ್ಚಿಗಳ ನಡುವೆ ಹಗ್ಗದಲ್ಲಿ ತೂಗುಹಾಕಿದಾಗ ರಾತ್ರಿ 9 ಗಂಟೆ.

9 ಗಂಟೆ 35ಕ್ಕೆ ಮೀಟರು ಸೊನ್ನೆ ತೋರಿಸಿತು. ಟಾರ್ಚ್ ಹಿಡಿದು ಎಲ್ಬೋ ಬಾಯಲ್ಲಿ ನೋಡಿದರೆ ತಿಳಿನೀರು. ಮೈನಸ್ 1, ಮೈನಸ್ 2, ಮೈನಸ್ 3, ಇಳಿಯುತ್ತಲೇ ಹೋಯಿತು. ಇನ್ನೂ ತಿಳಿನೀರು. 10 ಗಂಟೆ 10ಕ್ಕೆ ಮೈನಸ್ 4.3 ಇತ್ತು. ಮರುಕ್ಷಣ ಸಂಖ್ಯೆ ಮೇಲಕ್ಕೆ ಹಾರಿತು! ಮೈನಸ್ 3, ಮೈನಸ್ 1, ಸೊನ್ನೆ. ಹೊರಗೆ ಮೈನಸ್ 7ರ ಚಳಿಯಲ್ಲಿ ತೂಗುತ್ತಿರುವ ಪೈಪು ತಾನಾಗಿ ಬಿಸಿಯಾಗುತ್ತಿದೆ. ಲೆಕ್ಕ ಗೊತ್ತಿದ್ದೂ ನಾನು ಎದ್ದು ನಿಂತುಬಿಟ್ಟೆ. ಬಾಯಲ್ಲಿ ನೋಡಿದರೆ ನೀರು ಮಸುಕಾಗಿತ್ತು, ಒಳಗೆ ಹಕ್ಕಿಯ ಪುಕ್ಕದಂತೆ ತೆಳ್ಳಗಿನ ಐಸಿನ ಎಸಳುಗಳು.

ಹೆಪ್ಪು ಬಿದ್ದ ಗಳಿಗೆ ಅದು. ಐಸು ಹುಟ್ಟುವಾಗ ಶಾಖ ಬಿಡುಗಡೆಯಾಗುತ್ತದೆ, ಅದೇ ಗುಪ್ತೋಷ್ಣ. ಒಂದು ಗ್ರಾಂ ನೀರು ಐಸಾದರೆ 334 ಜೂಲ್. ಆ ಶಾಖವೇ ಉಳಿದ ನೀರನ್ನು ಸೊನ್ನೆಗೆ ಎಳೆದು ತಂದಿತು. ಎಳೆಯಲು ಬೇಕಾದದ್ದು ಪ್ರತಿ ಗ್ರಾಮಿಗೆ 4.3 ಡಿಗ್ರಿಯಷ್ಟು ಶಾಖ, ಅಂದರೆ ಸುಮಾರು 18 ಜೂಲ್. 334ರಲ್ಲಿ 18 ಎಂದರೆ ಶೇಕಡ 5 ಚಿಲ್ಲರೆ. ತಾಮ್ರವನ್ನೂ ಸೇರಿಸಿದರೆ ಶೇಕಡ 6ರಿಂದ 7. ಕೆಲವೇ ಸೆಕೆಂಡುಗಳಲ್ಲಿ ಅಷ್ಟು ನೀರು ಐಸಾಗಿ, ಅಲ್ಲಿಗೆ ನಿಂತಿತು. ಉಳಿದ ಶೇಕಡ 93ಕ್ಕೆ ಮುಂದಿನ ಶಾಖ ಹೊರಗೆ ಹೋಗುವ ತನಕ ಕಾಯಬೇಕು.

ಎಷ್ಟು ಹೊತ್ತು? 312 ಗ್ರಾಂ ನೀರನ್ನು ಪೂರ್ತಿ ಐಸು ಮಾಡಲು ತೆಗೆಯಬೇಕಾದದ್ದು 1,04,000 ಜೂಲ್. ಪೈಪು ಸೊನ್ನೆಯಲ್ಲಿ ನಿಂತಿದೆ, ಗಾಳಿ ಮೈನಸ್ 7, ಹಾಗಾದರೆ ಹೊರಗೆ ಹೋಗುತ್ತಿರುವುದು 5 ವ್ಯಾಟಿಗೂ ಸ್ವಲ್ಪ ಕಡಿಮೆ. ಭಾಗಿಸಿ ನೋಡಿ: ಸುಮಾರು 6 ಗಂಟೆ. 10 ಡಿಗ್ರಿಯಿಂದ ಸೊನ್ನೆಗೆ ಇಳಿಯಲು ಅರ್ಧ ಗಂಟೆ, ಸೊನ್ನೆಯಲ್ಲೇ ನಿಂತು ಐಸಾಗಲು 6 ಗಂಟೆ. ನನ್ನ ಮೀಟರು 10.10ರಿಂದ ಬೆಳಗಿನ ಜಾವ 3.50ರವರೆಗೆ ಸೊನ್ನೆ ಬಿಟ್ಟು ಕದಲಲಿಲ್ಲ. ಆಮೇಲೆ ಮತ್ತೆ ಇಳಿಯತೊಡಗಿತು, ಅಂದರೆ ಒಳಗೆ ನೀರು ಉಳಿದಿಲ್ಲ. ಬೆಳಿಗ್ಗೆ ನೋಡಿದಾಗ ಎಲ್ಬೋ ಬಾಯಿಂದ ಹೆಬ್ಬೆರಳುದ್ದ ಐಸು ಮೇಲೆದ್ದು ನಿಂತಿತ್ತು.

ಈ ಲೆಕ್ಕ ಮೊದಲು ಹಾಕಿದವನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಜೋಸೆಫ್ ಬ್ಲ್ಯಾಕ್, 1760ರ ದಶಕದ ಆರಂಭದಲ್ಲಿ. ಅವನು ಮಾಡಿದ್ದು ನಮ್ಮದರ ತಿರುಗುಮುರುಗು. ಒಂದೇ ಅಳತೆಯ ಎರಡು ಗಾಜಿನ ಬುರುಡೆ, ಒಂದರಲ್ಲಿ ಹೆಪ್ಪುಗಟ್ಟುವಷ್ಟು ತಣ್ಣನೆಯ ನೀರು, ಇನ್ನೊಂದರಲ್ಲಿ ಅಷ್ಟೇ ತೂಕದ ಐಸು. ಎರಡನ್ನೂ ಒಂದೇ ಕೋಣೆಯಲ್ಲಿಟ್ಟ. ನೀರು ಫ್ಯಾರನ್‌ಹೀಟಿನಲ್ಲಿ 40 ಡಿಗ್ರಿಗೆ ಬರಲು ಅರ್ಧ ಗಂಟೆ ಸಾಕಾಯಿತು. ಐಸು ಕರಗಿ ಅದೇ 40ಕ್ಕೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಕೋಣೆಯಿಂದ ಶಾಖ ಎರಡಕ್ಕೂ ಒಂದೇ ಸಮ ಬರುತ್ತಿದೆ, ಆದರೂ ಐಸಿನ ಬುರುಡೆಯ ಥರ್ಮಾಮೀಟರು ಏಳುತ್ತಿಲ್ಲ. ಬಂದ ಶಾಖ ಎಲ್ಲಿ ಅಡಗಿತು? ಅಡಗಿದ್ದರಿಂದಲೇ ಅದಕ್ಕೆ ಗುಪ್ತ ಎಂಬ ಹೆಸರು. ಒಂದು ಗಡಿಯಾರ, ಎರಡು ಬುರುಡೆ, ಥರ್ಮಾಮೀಟರು ಇಷ್ಟನ್ನಿಟ್ಟುಕೊಂಡು ಅವನು ಪಡೆದ ಬೆಲೆ ಇವತ್ತಿನದಕ್ಕೆ ತೀರಾ ಹತ್ತಿರವಿದೆ. ನನಗೆ ಇದು ಎಷ್ಟು ಸಲ ಹೇಳಿದರೂ ಬೇಸರವಾಗದ ಕಥೆ.

ಪೈಪಿಗೆ ಬರೋಣ. ಇಷ್ಟು ಹೊತ್ತು ಗಾಳಿ ಇಲ್ಲದ ರಾತ್ರಿಯ ಮಾತು ಆಡಿದೆ. ಗಾಳಿ ಬೀಸಿದರೆ ಚಿತ್ರವೇ ಬೇರೆ. ಸೆಕೆಂಡಿಗೆ 5 ಮೀಟರ್ ಗಾಳಿ, ಅಂದರೆ ಗಂಟೆಗೆ 18 ಕಿಲೋಮೀಟರ್, ಬಿರುಗಾಳಿಯೇನಲ್ಲ. ಅದು ಬರಿ ಪೈಪಿನಿಂದ ಶಾಖ ಎಳೆಯುವ ವೇಗವನ್ನು ಸುಮಾರು ಐದು ಪಟ್ಟು ಮಾಡುತ್ತದೆ. 33 ನಿಮಿಷವಿದ್ದದ್ದು 7 ನಿಮಿಷ, 6 ಗಂಟೆ ಇದ್ದದ್ದು ಒಂದೂಕಾಲು ಗಂಟೆ ಆಗುತ್ತದೆ. ಹೊರಗೋಡೆಯಲ್ಲಿ ಕೇಬಲ್ ಹಾಯಿಸಲು ಕೊರೆದ ಬೆರಳಗಲದ ತೂತು ಮುಚ್ಚದೆ ಬಿಟ್ಟ ಮನೆಗಳಲ್ಲಿ, ಪೈಪಿನಲ್ಲಿ ಸರಿಯಾಗಿ ಆ ತೂತಿನ ಎದುರಿಗೇ ಐಸು ಕಟ್ಟಿಕೊಂಡಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಆದರೆ ಗಾಳಿ ಪೈಪನ್ನು ತನಗಿಂತ ತಣ್ಣಗೆ ಮಾಡಲಾರದು. ಹವಾಮಾನದವರು ಹೇಳುವ «ಗಾಳಿಯಿಂದ ಮೈನಸ್ 15ರಂತೆ ಭಾಸ» ಎಂಬುದು ನಮ್ಮ ಚರ್ಮಕ್ಕೆ, ಪೈಪಿಗಲ್ಲ. ಗಾಳಿ ಮೈನಸ್ 3 ಇದ್ದರೆ ಪೈಪು ಮೈನಸ್ 3ಕ್ಕೇ ನಿಲ್ಲುತ್ತದೆ.

ಇದಕ್ಕೊಂದು ಅಪವಾದ ಉಂಟು. ತೆರೆದ ಆಕಾಶದ ಕೆಳಗಿರುವ ಪೈಪು. ಮೋಡವಿಲ್ಲದ ರಾತ್ರಿ ಅದು ಆಕಾಶಕ್ಕೆ ಶಾಖ ಸೂಸಿ ಗಾಳಿಗಿಂತಲೂ ಸ್ವಲ್ಪ ತಣ್ಣಗಾಗುತ್ತದೆ. ರಾತ್ರಿ ಸೊನ್ನೆಗೆ ಇಳಿಯದ ಅಲಹಾಬಾದಿನಲ್ಲಿ ಹಿಂದೆ ಐಸು ಮಾಡುತ್ತಿದ್ದದ್ದು ಹೀಗೆಯೇ: ನೆಲದಲ್ಲಿ ತಗ್ಗು ತೋಡಿ, ಒಣಗಿದ ಕಬ್ಬಿನ ಇಲ್ಲವೇ ಮುಸುಕಿನ ಜೋಳದ ದಂಟು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ತೆಳುವಾಗಿ ನೀರಿಟ್ಟು, ತಿಳಿ ಆಕಾಶದ, ಗಾಳಿಯಾಡದ ರಾತ್ರಿಗೆ ಕಾಯುತ್ತಿದ್ದರು. ರಾಬರ್ಟ್ ಬಾರ್ಕರ್ ಎಂಬಾತ ಅದನ್ನು ನೋಡಿ 1775ರಲ್ಲಿ ಬರೆದಿಟ್ಟಿದ್ದಾನೆ. ಹಿತ್ತಿಲ ಬಯಲಿನಲ್ಲಿ ಹಾದುಹೋಗುವ ಪೈಪಿನ ಮೇಲೆ ಒಂದು ಹಲಗೆಯ ಸೂರು ಇದ್ದರೂ ಈ ನಷ್ಟ ತಪ್ಪುತ್ತದೆ.

ಅಂಗಡಿಯಲ್ಲಿ ಸಿಗುವ ಫೋಮ್ ಹೊದಿಕೆ ಎಷ್ಟು ಉಪಯೋಗ ಎಂದು ಕೇಳುತ್ತೀರಿ. ಅರ್ಧ ಇಂಚು ದಪ್ಪದ್ದು ಹಾಕಿದರೆ ಗಾಳಿಯಿಲ್ಲದ ರಾತ್ರಿಯಲ್ಲಿ ಸಮಯ ಸುಮಾರು ಮೂರು ಪಟ್ಟಾಗುತ್ತದೆ, ಸೊನ್ನೆಗೆ ಬರಲು 33 ನಿಮಿಷದ ಬದಲು ಒಂದೂವರೆ ಗಂಟೆ. ಬರೀ ಇಷ್ಟೇನಾ ಎನ್ನಿಸಬಹುದು. ಗಾಳಿ ಬೀಸುವಾಗ ನೋಡಿ ಅದರ ಬೆಲೆ. ಬರಿ ಪೈಪು 7 ನಿಮಿಷದಲ್ಲಿ ಸೊನ್ನೆಗೆ ಬಂದರೆ ಹೊದಿಕೆಯದು ಆಗಲೂ ಒಂದು ಗಂಟೆ 20 ನಿಮಿಷ ತಡೆಯುತ್ತದೆ. ಅಡ್ಡಿಯೆಲ್ಲ ಈಗ ಫೋಮಿನೊಳಗಿದೆ, ಹೊರಗೆ ಗಾಳಿ ಏನು ಮಾಡಿದರೂ ಅದಕ್ಕೆ ಹೆಚ್ಚು ಲೆಕ್ಕವಿಲ್ಲ. ಇನ್ನು ಗುಪ್ತೋಷ್ಣದ ಪಾಲು ತೆಗೆದುಕೊಂಡರೆ, 6 ಗಂಟೆಯಿದ್ದದ್ದು 17 ಗಂಟೆಯಾಗುತ್ತದೆ. ಒಂದು ರಾತ್ರಿಯ ಚಳಿ ಅಷ್ಟು ಹೊತ್ತು ಇರುವುದಿಲ್ಲ. ಒಳಗೆ ಸ್ವಲ್ಪ ಐಸು ಹುಟ್ಟಿರಬಹುದು, ಪೈಪು ಮುಚ್ಚಿಹೋಗುವ ಮೊದಲೇ ಬೆಳಗಾಗುತ್ತದೆ. ಆದರೆ ಹೊದಿಕೆ ತಾನಾಗಿ ಶಾಖ ಕೊಡುವುದಿಲ್ಲ. 2021ರಲ್ಲಿ ಹಗಲೂ ರಾತ್ರಿಯೂ ಸೊನ್ನೆಯ ಕೆಳಗೇ ದಿನಗಟ್ಟಲೆ ಇತ್ತಲ್ಲ, ಆಗ ಹೊದಿಕೆಯ ಪೈಪುಗಳೂ ಹೋದದ್ದು ಇದಕ್ಕೇ.

ಪೈಪು ಒಡೆಯುವ ಬಗೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚಿನವರು ಇದನ್ನು ತಪ್ಪು ತಿಳಿದಿದ್ದಾರೆ. ಐಸು ಶೇಕಡ 9ರಷ್ಟು ಹಿಗ್ಗಿ ಪೈಪಿನ ಗೋಡೆಯನ್ನು ಒಳಗಿಂದ ಸೀಳುತ್ತದೆ ಎಂದಲ್ಲ. ಐಸು ಒಂದು ಕಡೆ ಬಿರಡೆಯ ಹಾಗೆ ಕಟ್ಟಿಕೊಂಡು, ಬೆಳೆಯುತ್ತಾ ನೀರನ್ನು ಉದ್ದಕ್ಕೂ ತಳ್ಳುತ್ತದೆ. ಬೀದಿಯ ಕಡೆ ತಳ್ಳಿದ ನೀರು ಹಿಂದಕ್ಕೆ ಸರಿದುಹೋಗುತ್ತದೆ. ಮುಚ್ಚಿದ ನಲ್ಲಿಯ ಕಡೆ ತಳ್ಳಿದ ನೀರಿಗೆ ಜಾಗವೇ ಇಲ್ಲ. ಅಲ್ಲಿ ಒತ್ತಡ ಏರಿ ಏರಿ ಎಲ್ಲಿ ದುರ್ಬಲವೋ ಅಲ್ಲಿ ಬಿಡುತ್ತದೆ, ಬಹಳ ಸಲ ಐಸೇ ಇಲ್ಲದ ಜಾಗದಲ್ಲಿ. ಐಸಿನ ಮೊದಲ ಎಸಳಿಗೂ ಈ ಬಿರಡೆಗೂ ನಡುವೆ ಗುಪ್ತೋಷ್ಣ ನಮಗೆ ಕೊಡುವ ಕೆಲವು ಗಂಟೆಗಳಿವೆ.

ಆ ಗಂಟೆಗಳಲ್ಲಿ ನಲ್ಲಿ ಸ್ವಲ್ಪ ಬಿಟ್ಟಿರಬೇಕು ಎನ್ನುತ್ತಾರೆ. ಎಷ್ಟು? ಅದನ್ನೂ ಲೆಕ್ಕ ಹಾಕೋಣ. ಅಟ್ಟದಲ್ಲಿ 10 ಮೀಟರ್ ಬರಿ ಪೈಪು ಮೈನಸ್ 7ರಲ್ಲಿದೆ. ಒಂದು ತುದಿಯಲ್ಲಿ 10 ಡಿಗ್ರಿ ನೀರು ಒಳಬಂದು ಇನ್ನೊಂದು ತುದಿಯಲ್ಲಿ ಸೊನ್ನೆಗಿಂತ ಮೇಲೇ ಇರಬೇಕಾದರೆ ನಿಮಿಷಕ್ಕೆ ಸುಮಾರು 110 ಮಿಲಿಲೀಟರ್ ಹರಿಯಬೇಕು. ಅದು ಪೆನ್ಸಿಲ್ ಕಡ್ಡಿಗಿಂತ ತೆಳುವಾದ, ಆದರೆ ತುಂಡಾಗದ ಧಾರೆ. ಎರಡು ನಿಮಿಷಕ್ಕೆ ಒಂದು ಲೋಟ ತುಂಬುವಷ್ಟು. ಸೆಕೆಂಡಿಗೊಂದು ಹನಿ ಎಂದರೆ ನಿಮಿಷಕ್ಕೆ 3 ಮಿಲಿಲೀಟರ್ ಇರಬಹುದು, ಅದು ತರುವ ಶಾಖ ಆ 10 ಮೀಟರಿಗೆ ಏನೇನೂ ಸಾಲದು. ಹಾಗೆಂದು ಹನಿ ದಂಡವಲ್ಲ. ಬಿರಡೆಗೂ ನಲ್ಲಿಗೂ ನಡುವಿನ ಒತ್ತಡ ಆ ಸಂದಿಯಿಂದ ಹೊರಗೆ ಹೋಗುತ್ತದೆ. ಹನಿ ಬಿಟ್ಟ ಪೈಪು ಹೆಪ್ಪುಗಟ್ಟಬಹುದು, ಒಡೆಯುವ ಸಂಭವ ಮಾತ್ರ ಬಹಳ ಕಡಿಮೆ. ಬಿಸಿನೀರಿನ ಕಡೆಯದನ್ನೂ ಬಿಡಲು ಮರೆಯಬೇಡಿ. ರಾತ್ರಿ ಅದೂ ನಿಂತ ನೀರೇ.

ಹೆಪ್ಪುಗಟ್ಟಿದೆ ಎಂದು ಗೊತ್ತಾಗುವುದು ಹೇಗೆ? ಒಂದು ನಲ್ಲಿಯಲ್ಲಿ ಮಾತ್ರ ನೀರು ನಿಂತಿದ್ದು ಬೇರೆ ಕಡೆ ಬರುತ್ತಿದ್ದರೆ, ಅದರ ಪೈಪೇ. ಆ ನಲ್ಲಿಯನ್ನು ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಬಿಸಿ ಮಾಡುತ್ತಾ ಹೋಗಿ, ಕೂದಲು ಒಣಗಿಸುವ ಡ್ರೈಯರೋ ಬಿಸಿನೀರಲ್ಲಿ ಹಿಂಡಿದ ಬಟ್ಟೆಯೋ ಸಾಕು. ಬೆಂಕಿಯನ್ನು ಹತ್ತಿರ ತರಲೇಬೇಡಿ, ಇಲ್ಲಿನ ಮನೆಗಳ ಗೋಡೆ ಮರದ್ದು.

ಗುಪ್ತೋಷ್ಣ ಹೋಗುವಾಗ ತಡ ಮಾಡಿದ ಹಾಗೆ ಬರುವಾಗಲೂ ತಡ ಮಾಡುತ್ತದೆ ಎಂಬುದು ನೆನಪಿರಲಿ. ಮರುದಿನ ಬಿಸಿಲು ಬಂದು ಗಾಳಿ 5 ಡಿಗ್ರಿಗೆ ಏರಿತು ಎನ್ನಿ. ಆ ಒಂದು ಮೀಟರ್ ಪೈಪಿಗೆ ಒಳಬರುವುದು ಮೂರೂವರೆ ವ್ಯಾಟ್, 1,04,000 ಜೂಲ್ ಮರಳಿ ತುಂಬಲು 8 ಗಂಟೆ. ಬೆಳಿಗ್ಗೆ ಎಲ್ಲ ಸರಿಯಿದೆ ಎಂದು ನೀವು ಕೆಲಸಕ್ಕೆ ಹೊರಟಾಗ ಒಡೆದ ಪೈಪನ್ನು ಐಸಿನ ಬಿರಡೆಯೇ ಮುಚ್ಚಿ ಕಾಯುತ್ತಿರುತ್ತದೆ, ಅದು ಬಿಡುವುದು ಸಂಜೆಗೆ. ಅಂಥ ದಿನ ಮನೆ ಬಿಡುವ ಮುಂಚೆ ಬೀದಿಯ ಕಡೆಯ ಮೇನ್ ವಾಲ್ವ್ ತಿರುಗಿಸಿ ಹೋಗಿ. ಸಂಜೆ ಬಂದು ವಾಲ್ವ್ ಬಿಟ್ಟು, ಎಲ್ಲ ನಲ್ಲಿಗಳನ್ನೂ ಮುಚ್ಚಿ, ನೀರಿನ ಮೀಟರಿನ ಮುಖದ ಮೇಲಿರುವ ಪುಟ್ಟ ತ್ರಿಕೋನವನ್ನು ಹತ್ತು ನಿಮಿಷ ನೋಡುತ್ತಾ ನಿಲ್ಲಿ. ಅದು ಕೂದಲೆಳೆಯಷ್ಟು ತಿರುಗಿದರೂ ಎಲ್ಲೋ ನೀರು ಸೋರುತ್ತಿದೆ.